ಗೆರೆಯ ಹಿಂದೆ ನಿಂತ ಟ್ಯಾಕ್ಸಿ

ಈ ಊರಿನಲ್ಲಿ ನನ್ನ ಅತ್ತೆಗಾಗಿ ಒಬ್ಬ ಟ್ಯಾಕ್ಸಿಯವನು ಬ್ರೇಕ್ ಹಾಕಿದ. ಅವನು ಮಾಡಿದ ತಪ್ಪು ಅದೊಂದೇ. ಹಾಕದೆ ಹೋಗಿದ್ದರೆ ಅವನ ಗಾಡಿ ಇವತ್ತಿಗೂ ಅವನ ಕೈಯಲ್ಲೇ ಇರುತ್ತಿತ್ತು, ಅತ್ತೆ ತಮ್ಮ ಕಾಲಿನ ಮೇಲೆ ಓಡಾಡಿಕೊಂಡಿರುತ್ತಿದ್ದರು.

ಬಂಗಾಳದ ಬೆಹಾಲಾದಲ್ಲಿ ನಮ್ಮದೊಂದು ಚಿಕ್ಕ ಹೋಟೆಲ್. ಇಡ್ಲಿ, ದೋಸೆ, ಜೊತೆಗೆ ಮದುವೆ ಮುಂಜಿಗಳಿಗೆ ಅಡುಗೆ ಕಳಿಸುವ ಕೆಲಸ. ವ್ಯಾನ್ ಓಡಿಸುವವನು ಹೇಳದೆ ಕೇಳದೆ ಕೈಕೊಟ್ಟ ಮೇಲೆ, ಐವತ್ತರ ಹತ್ತಿರ ಬಂದಿದ್ದ ನಾನೇ ಡ್ರೈವಿಂಗ್ ಕಲಿಯಲು ಹೊರಟೆ. ನನ್ನವರು ನಕ್ಕರು. "ಅಡುಗೆಮನೆಯಲ್ಲೇ ಯಾರನ್ನೂ ಮುಂದೆ ಹೋಗ್ಲಿಕ್ಕೆ ಬಿಡುದಿಲ್ಲ ನೀನು, ರಸ್ತೆಯಲ್ಲಿ ಬಿಡ್ತೀಯಾ?" ಎಂದರು. ಬಿಡುವುದನ್ನು ಕಲಿಸುವವರೇ ಸಿಕ್ಕಿದರು.

ಮೋಟಾರ್ ಟ್ರೇನಿಂಗ್ ಸ್ಕೂಲಿನ ಮೇಷ್ಟ್ರು ವಯಸ್ಸಾದ ಬಂಗಾಳಿ. ತಮ್ಮ ಕಾಲಿನ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದರು. ಗೇರಿಗಿಂತ ಅವರಿಗೆ ಜನ ರಸ್ತೆ ದಾಟುವ ಜಾಗದ ಮೇಲೆಯೇ ಹೆಚ್ಚು ಪ್ರೀತಿ. ಸಿಗ್ನಲ್ ಇರುವ ಕಡೆ ಕೆಂಪು ಬಿದ್ದರೆ ಬಿಳಿ ಗೆರೆಯ ಹಿಂದೆ ನಿಲ್ಲಬೇಕು. ನಡೆಯುವವರೂ ತಮ್ಮ ಹಸಿರು ಬೊಂಬೆ ಬೆಳಗುವವರೆಗೆ ಕಾಯಬೇಕು. ನಮಗೆ ಹಸಿರು ಬಂದಿತೆಂದು ನುಗ್ಗುವ ಹಾಗಿಲ್ಲ, ಪಟ್ಟೆಯ ಮೇಲೆ ಉಳಿದವರು ದಾಟಿ ಮುಗಿಸಬೇಕು. ಬರಿಯ ಜೀಬ್ರಾ ಪಟ್ಟೆ ಇರುವ ಕಡೆ ದೀಪವೂ ಇಲ್ಲ, ಪೊಲೀಸೂ ಇಲ್ಲ. ಅಲ್ಲಿ ದಾಟುವವರಿಗೇ ಮೊದಲ ಹಕ್ಕು, ದೂರದಿಂದಲೇ ನಿಧಾನ ಮಾಡಿ ನಿಲ್ಲಬೇಕಾದವರು ನಾವು. ಮುಂದೆ ಟ್ರಾಫಿಕ್ ಕಟ್ಟಿಕೊಂಡಿದ್ದರೆ ಪಟ್ಟೆಯ ಮೇಲೇರಿ ನಿಂತು ದಾರಿ ಮುಚ್ಚಲೂಬಾರದು.

"ಇನ್ನೊಂದು, ಬೌದಿ," ಎಂದರು ಒಂದು ದಿನ. ಅತ್ತಿಗೆ ಎನ್ನುವುದಕ್ಕೆ ಅವರ ಭಾಷೆಯ ಮಾತು ಅದು. "ಪಟ್ಟೆಯ ಹತ್ತಿರ ಮುಂದಿನ ಗಾಡಿ ನಿಧಾನವಾದ್ರೆ, ನಿಂತ್ರೆ, ಅದನ್ನ ಓವರ್‌ಟೇಕ್ ಮಾಡಬೇಡಿ. ಅವನು ಸುಮ್ಮನೆ ನಿಂತಿರೋದಿಲ್ಲ. ಯಾರಿಗೋಸ್ಕರ ನಿಂತ ಅನ್ನೋದು ನಿಮಗೆ ಕಾಣಿಸಲ್ಲ, ಅವನ ಗಾಡಿಯೇ ಅಡ್ಡ ಇರುತ್ತೆ. ದಾಟೋವ್ರಿಗೆ ನೀವೂ ಕಾಣಿಸಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡೋ ಹೊತ್ತಿಗೆ ಮುಗಿದುಹೋಗಿರುತ್ತೆ." ಮತ್ತೆ ಹೇಳಿದರು. "ನಿಲ್ಲಿಸಿ, ಆದ್ರೆ ಕೈ ಬೀಸಿ ಬನ್ನಿ ಬನ್ನಿ ಅಂತ ಕರೀಬೇಡಿ. ನೀವು ನಿಮ್ಮ ಗಾಡಿಗೆ ಮಾತ್ರ ಜವಾಬ್ದಾರಿ. ಹಿಂದಿನವನ ಪರವಾಗಿ ನೀವು ಹೇಗೆ ಮಾತು ಕೊಡ್ತೀರಿ?"

ಕಲಿತದ್ದನ್ನೆಲ್ಲ ನಾನು ಮನೆಗೆ ತಂದು ಅತ್ತೆಯ ಮುಂದೆ ಸುರಿಯುತ್ತಿದ್ದೆ. ಅತ್ತೆ ಉಡುಪಿ ಕಡೆಯವರು, ಎಪ್ಪತ್ತು ದಾಟಿದವರು. ಬೆಳಗ್ಗೆ ಮಾರುಕಟ್ಟೆಗೆ ಅವರೇ ಹೋಗಬೇಕು. ನಾವು ತಂದ ಬದನೆಕಾಯಿ ಅವರಿಗೆ ಒಂದು ದಿನವೂ ಹಿಡಿಸಿದ್ದಿಲ್ಲ. ದೊಡ್ಡ ಜಂಕ್ಷನ್ನಿನ ಸಿಗ್ನಲ್‌ನಲ್ಲಿ ದಾಟುತ್ತಿದ್ದರು. ಅಲ್ಲಿ ಹಸಿರು ಬೊಂಬೆ ಇರುವ ಹೊತ್ತು ಅವರ ಮಂಡಿಗೆ ಸಾಲುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬೊಂಬೆ ಮಿಣುಕತೊಡಗುತ್ತಿತ್ತು, ಗೆರೆ ದಾಟಿ ಬಂದು ನಿಂತ ಬೈಕುಗಳು ಗುರ್ ಎನ್ನುತ್ತಿದ್ದವು. ಒಂದು ದಿನ ಚೀಲ ಬಿಟ್ಟು ಓಡಿ ಬಂದರು.

"ಮಿಣುಕುವಾಗ ಇಳಿಯಬೇಡಿ, ಮುಂದಿನ ಸರದಿಗೆ ಕಾಯಿರಿ. ಇಲ್ಲದಿದ್ದರೆ ಈಚೆ ಔಷಧಿ ಅಂಗಡಿಯ ಮುಂದೆ ಜೀಬ್ರಾ ಪಟ್ಟೆ ಉಂಟಲ್ಲ, ಅಲ್ಲಿ ದಾಟಿ," ಎಂದೆ.

ಮಾರನೆಯ ದಿನ ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಪಟ್ಟೆಯ ಅಂಚಿನಲ್ಲಿ ಚೀಲ ಹಿಡಿದು ನಿಂತಿದ್ದಾರೆ.

"ಎಂತ ಅತ್ತೆ, ಇನ್ನೂ ಇಲ್ಲಿಯೇ?"

"ಹಸಿರು ಬೊಂಬೆ ಬರ್ಲೇ ಇಲ್ಲ ಮಾರಾಯ್ತಿ. ಹಾಳಾಗಿದೆಯೋ ಎಂತದೋ."

ನಾನು ನಕ್ಕು ನಕ್ಕು ಸುಸ್ತಾದೆ. ಇಲ್ಲಿ ಬೊಂಬೆ ಇರುವುದಿಲ್ಲ, ನಿಮ್ಮನ್ನು ನೋಡಿ ಗಾಡಿ ನಿಲ್ಲಬೇಕು, ನಿಂತ ಮೇಲೆ ನೀವು ಇಳಿಯಬೇಕು ಎಂದು ಹೇಳಿಕೊಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನನ್ನನ್ನು ನೋಡಿಯಾ? ಮಗ ಸೊಸೆಯೇ ನೋಡುದಿಲ್ಲ, ಬಸ್ಸಿನವ ನೋಡ್ತಾನಾ?" ಎಂದರು. ಆದರೂ ಅಲ್ಲಿಂದ ಮುಂದೆ ಆ ಪಟ್ಟೆಯಲ್ಲೇ ದಾಟತೊಡಗಿದರು. ಹೆಚ್ಚಾಗಿ ಯಾರೂ ನಿಲ್ಲುತ್ತಿರಲಿಲ್ಲ, ರಸ್ತೆ ಖಾಲಿಯಾದಾಗ ದಾಟುತ್ತಿದ್ದರು.

ಆ ದಿನ ಟ್ಯಾಕ್ಸಿಯವನು ನಿಂತ. ಹಳದಿ ಅಂಬಾಸಿಡರ್, ಫುಟ್‌ಪಾತಿನ ಪಕ್ಕದ ಸಾಲು. ಗೆರೆಯ ಹಿಂದೆ ಸರಿಯಾಗಿ ನಿಲ್ಲಿಸಿ, "ಬನ್ನಿ ಮಾತಾಜಿ" ಎಂದು ಕೈ ಬೀಸಿದ. ಅತ್ತೆ ಅವನಿಗೆ ಕೈ ಮುಗಿದು ಇಳಿದರು. ಟ್ಯಾಕ್ಸಿಯ ಮೂತಿ ದಾಟಿ ಆಚೆ ಸಾಲಿಗೆ ಕಾಲಿಡುವ ಹೊತ್ತಿಗೆ, ಹಿಂದಿನಿಂದ ಬಂದ ಮಿನಿಬಸ್ಸು ಟ್ಯಾಕ್ಸಿಯನ್ನು ಬಲಗಡೆಯಿಂದ ಹಿಂದೆ ಹಾಕಿತು. ಬಸ್ಸಿನ ಪಕ್ಕೆ ಅವರ ಭುಜಕ್ಕೆ ಬಡಿಯಿತು. ತಿರುಗಿ ಬಿದ್ದದ್ದು ಟ್ಯಾಕ್ಸಿಯ ಮುಂದೆ. ಬಸ್ಸು ನಿಲ್ಲಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಟ್ಯಾಕ್ಸಿಯವನ ಬಾಯಿಂದ, ಆಸ್ಪತ್ರೆಯ ಬಾಗಿಲಲ್ಲಿ. ಶಬ್ದ ಕೇಳಿ ತಿರುಗಿದವರಿಗೆ ಕಂಡದ್ದು ಒಂದು ಟ್ಯಾಕ್ಸಿ, ಅದರ ಮುಂದೆ ಬಿದ್ದ ಮುದುಕಿ. ಅವರಿಗೆ ಇನ್ನೇನು ಬೇಕು? ಗಾಜು ಒಡೆದರು, ಅವನ ಕಾಲರ್ ಹಿಡಿದು ಎರಡು ಬಿಟ್ಟರು. ಅವನು ಹೊಡೆತ ತಿಂದು, ಅದೇ ಗಾಡಿಯಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ಗಾಡಿ ಅಲ್ಲೇ ಬಿಟ್ಟಿದ್ದರೆ ಚಕ್ರ ಗೆರೆಯ ಹಿಂದಿದ್ದುದನ್ನು ಪೊಲೀಸರು ಕಣ್ಣಾರೆ ನೋಡುತ್ತಿದ್ದರು. ತಂದದ್ದರಿಂದ ಅದೂ ಅಳಿಸಿಹೋಯಿತು. ಆಸ್ಪತ್ರೆಯ ಅಂಗಳದಿಂದಲೇ ಟ್ಯಾಕ್ಸಿಯನ್ನು ಠಾಣೆಗೆ ಒಯ್ದರು. ಜಂಕ್ಷನ್ನಿನ ಸಿಗ್ನಲ್ ಮೇಲೆ ಕ್ಯಾಮೆರಾ ಇದೆ, ಔಷಧಿ ಅಂಗಡಿಯ ಪಟ್ಟೆಯ ಮೇಲೆ ಇಲ್ಲ.

"ದೀದಿ, ನಿಮ್ಮ ಅಮ್ಮನಿಗೆ ಎಚ್ಚರ ಆದ್ಮೇಲೆ ಒಂದು ಮಾತು ಹೇಳಿಸಿ. ಬಸ್ಸು ಅಂತ. ಅಷ್ಟೇ ಸಾಕು," ಎಂದ. ಅವನ ಅಂಗಿಯ ಮೇಲಿದ್ದ ರಕ್ತ ಅವನದೋ ಅತ್ತೆಯದೋ ಗೊತ್ತಾಗಲಿಲ್ಲ. ನಾನು ಹೇಳಿಸುತ್ತೇನೆ ಎಂದೆ. ಅದು ಏನು ಮಹಾ ಎಂದುಕೊಂಡಿದ್ದೆ.

ಸೊಂಟದ ಆಪರೇಷನ್ ಆದ ಮೇಲೆ ಪೊಲೀಸ್ ಅಧಿಕಾರಿ ಹೇಳಿಕೆಗೆ ಬಂದರು. ಒಳ್ಳೆಯ ಮನುಷ್ಯ, ಬೂಟಿನ ಸದ್ದು ಮಾಡದೆ ವಾರ್ಡಿನೊಳಗೆ ಬಂದರು. ಅತ್ತೆಗೆ ಹಿಂದಿ ಬಾರದು, ಮಾತು ದಾಟಿಸುವವಳು ನಾನು.

"ಯಾವ ಗಾಡಿ ನೋಡಿದಿರಿ?"

"ಹಳದಿ ಗಾಡಿ," ಎಂದರು ಅತ್ತೆ.

"ಬೇರೆ?"

"ಬೇರೆ ಎಂತದೂ ಕಾಣ್ಲಿಲ್ಲ."

ನಾನು ಅವರ ಕಡೆ ಬಾಗಿದೆ. "ಅತ್ತೆ, ಬಸ್ಸು ಬಂತಲ್ಲ, ಆಚೆಯಿಂದ. ನೆನಪು ಮಾಡಿಕೊಳ್ಳಿ. ಆ ಮನುಷ್ಯ ಪಾಪ ನಿಮಗೋಸ್ಕರ ನಿಂತವನು."

"ನಿಂತದ್ದು ಹೌದು. ಅವನು ನಿಂತ, ನಾನು ಕೈ ಮುಗಿದೆ. ಆಮೇಲೆ ಬಿದ್ದೆ. ಬಸ್ಸು ನಾನು ಕಾಣಲಿಲ್ಲ. ಕಾಣದ್ದನ್ನು ಕಂಡೆ ಅಂತ ಹೇಗೆ ಹೇಳುದು? ದೇವರು ಮೆಚ್ಚುತ್ತಾನಾ?"

ದೇವರ ಮೆಚ್ಚುಗೆ ಯಾರಿಗೆ ಬೇಕಾಗಿತ್ತು! ಅಧಿಕಾರಿಯ ಮುಂದೆ ನಾನು ಕೂಗಾಡುವುದೊಂದು ಬಾಕಿ. ಅತ್ತೆಗೆ ಬಸ್ಸು ಕಾಣದ್ದು ಟ್ಯಾಕ್ಸಿ ಅಡ್ಡ ಇದ್ದುದರಿಂದಲೇ, ಪಟ್ಟೆಯ ಹತ್ತಿರ ಹಿಂದೆ ಹಾಕಬಾರದು ಎಂಬ ಕಾನೂನು ಇರುವುದೂ ಅದಕ್ಕೇ, ಟ್ಯಾಕ್ಸಿಯ ಮೂತಿ ಇರುವುದೇ ಸೊಂಟದೆತ್ತರಕ್ಕೆ, ಅದು ಬಡಿದರೆ ಭುಜ ಜಜ್ಜುವುದು ಹೇಗೆ ಎಂದು ಕೇಳಿದೆ. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡರು.

"ನೀವು ಅಲ್ಲಿದ್ರಾ?"

"ಇಲ್ಲ."

"ಮತ್ತೆ ನೀವು ಹೇಳ್ತಿರೋದು ಊಹೆ. ನಾನು ಅವರು ಹೇಳಿದ್ದನ್ನ ಬರೀಬೇಕು."

ಬರೆದರು. ಟ್ಯಾಕ್ಸಿ ನಿಂತಿತು ಎಂದೂ ಬರೆದರು, ಬೇರೆ ವಾಹನ ನೋಡಿಲ್ಲ ಎಂದೂ ಬರೆದರು. ಒಂದಕ್ಷರ ಸುಳ್ಳಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೆ ಸುಳ್ಳೇ ಬೇಕೆಂದು ಅಲ್ಲಿಯವರೆಗೆ ನಂಬಿದ್ದೆ.

ಅವನಿಗೆ ಜಾಮೀನು ಸಿಕ್ಕಿತು. ಕೇಸು ಉಳಿಯಿತು. ಗಾಡಿ ಠಾಣೆಯ ಪಕ್ಕದಲ್ಲಿ ಬಿಸಿಲು ಮಳೆ ತಿನ್ನುತ್ತ ನಿಂತಿತು. ಬಾಡಿಗೆ ಗಾಡಿಗಳಿಗೆ ಇಲ್ಲಿ ಹದಿನೈದು ವರ್ಷದ ಆಯುಸ್ಸು, ಅವನದಕ್ಕೆ ಸ್ವಲ್ಪವೇ ಉಳಿದಿತ್ತು. ಬಿಡುಗಡೆಯ ಆದೇಶ ಬರುವ ಹೊತ್ತಿಗೆ ಅದೂ ತೀರಿತ್ತು. ನಾನು ವಕೀಲರ ಹತ್ತಿರ ಹೋದೆ, ಔಷಧಿ ಅಂಗಡಿಯವನ ಹತ್ತಿರ ಹೋದೆ, ಮೇಷ್ಟ್ರನ್ನು ಕರೆದುಕೊಂಡು ಠಾಣೆಗೂ ಹೋದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಮೇಷ್ಟ್ರು ವಾಪಸ್ ಬರುವಾಗ ಹೇಳಿದರು. "ಕೆಂಪು ದೀಪ ಎಲ್ಲರಿಗೂ ಒಟ್ಟಿಗೇ ಹೇಳುತ್ತೆ ಬೌದಿ. ಪಟ್ಟೆ ಹಾಗಲ್ಲ, ಒಬ್ಬೊಬ್ಬರನ್ನೂ ನಂಬುತ್ತೆ." ಅಲ್ಲೊಂದು ಸಿಗ್ನಲ್ ಹಾಕಿಸಿ ಎಂದು ಅರ್ಜಿ ಕೊಟ್ಟೆವು. ಪಟ್ಟೆಗೆ ಹೊಸ ಬಣ್ಣ ಬಳಿದು ಹೋದರು.

ಟ್ಯಾಕ್ಸಿಯವನು ಒಮ್ಮೆ ಹೋಟೆಲಿಗೆ ಬಂದ, ಅತ್ತೆ ಹೇಗಿದ್ದಾರೆಂದು ಕೇಳಲು. ಈಗ ಬೇರೆಯವರ ಗಾಡಿ ಓಡಿಸುತ್ತಾನೆ. ದೋಸೆ ಕೊಟ್ಟರೆ ತಿಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ಹೋಗುವಾಗ ಹೇಳಿದ. "ಅಮ್ಮ ಸುಳ್ಳು ಹೇಳಲಿಲ್ಲ ದೀದಿ, ನನಗೆ ಸಿಟ್ಟಿಲ್ಲ. ನಿಲ್ಲೋದು ಮಾತ್ರ ಬಿಟ್ಟೆ." ನಿಲ್ಲು ಎಂದು ಹೇಳುವ ಮುಖ ನನಗಿರಲಿಲ್ಲ.

ನನಗೆ ಲೈಸೆನ್ಸ್ ಸಿಕ್ಕಿತು. ಅತ್ತೆಯನ್ನು ಡಾಕ್ಟರ ಹತ್ತಿರ ನಾನೇ ವ್ಯಾನಿನಲ್ಲಿ ಕರೆದೊಯ್ಯುತ್ತೇನೆ, ಮಡಚಿದ ವಾಕರ್ ಅವರ ಕಾಲ ಬಳಿ ಇರುತ್ತದೆ. ಮೊನ್ನೆ ಅದೇ ರಸ್ತೆಯಲ್ಲಿ ಬರುತ್ತಿದ್ದೆವು. ಪಟ್ಟೆಯ ಅಂಚಿನಲ್ಲಿ ಒಬ್ಬ ಹೆಂಗಸು ತರಕಾರಿ ಚೀಲ ಹಿಡಿದು ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಕಲಿತ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ, ನನ್ನ ಬಲಕ್ಕೆ, ಒಂದು ಮಿನಿಬಸ್ಸು ದೊಡ್ಡದಾಗುತ್ತಿತ್ತು. ಕೈ ಹೊರಗೆ ಚಾಚಿ ನಿಧಾನ ನಿಧಾನ ಎಂದು ಆಡಿಸಿದೆ. ಅದು ಹಾರ್ನ್ ಹಾಕಿತು.

ಹಿಂದಿನ ಸೀಟಿನಿಂದ ಅತ್ತೆಯ ಕೈ ನನ್ನ ಭುಜದ ಮೇಲೆ ಬಿತ್ತು.

"ನಿಲ್ಲಿಸ್ಬೇಡ," ಎಂದರು. "ನಿಲ್ಲಿಸಿದ್ರೆ ಅವಳು ನಂಬ್ತಾಳೆ."

ನಾನು ನಿಲ್ಲಿಸಲಿಲ್ಲ. ಬಸ್ಸು ನಮ್ಮನ್ನು ದಾಟಿ ಹೋಯಿತು. ಕನ್ನಡಿಯಲ್ಲಿ ಆ ಹೆಂಗಸು ಇನ್ನೂ ಅಂಚಿನಲ್ಲೇ ನಿಂತಿದ್ದಳು, ನಮ್ಮ ವ್ಯಾನಿನ ಕಡೆ ಕೈ ಎತ್ತಿ ಬೈಯುತ್ತಿದ್ದಳು.