ಗಂಡನ ವಿರುದ್ಧ ಹಾಕಿದ ಓಟು

ಸಿಡ್ನಿಯ ಗಿರಾವೀನ್‌ನಲ್ಲಿದ್ದ ಆರು ವರ್ಷ ನಾನು ದಿನಾ ಟ್ರೇನ್ ಹತ್ತಿ ಶಾಸನಸಭೆಗೆ ಹೋಗುತ್ತಿದ್ದೆ. ಸದಸ್ಯರು ಆಡಿದ ಮಾತನ್ನೆಲ್ಲ ಬರೆದಿಡುವ ವಿಭಾಗದಲ್ಲಿ ನನ್ನ ಕೆಲಸ. ಆಡಿದವರಿಗೆ ನೆನಪಿಲ್ಲದಿದ್ದರೂ ನನಗೆ ನೆನಪಿದೆ, ಯಾರು ಎಷ್ಟು ಸಲ ಒಂದೇ ಮಾತು ಆಡಿದರು ಅಂತ.

ಮಸೂದೆಯೊಂದನ್ನು ಸೋಲಿಸಲು ಸಂಖ್ಯೆ ಸಾಲದವರು ಸಮಯವನ್ನು ತಿಂದುಹಾಕುತ್ತಾರೆ. ಹೆಚ್ಚಿನ ಭಾಷಣಗಳಿಗೆ ಗಡಿಯಾರವಿದೆ. ಗಡಿಯಾರವಿಲ್ಲದ ಹಂತ ಸಿಕ್ಕರೆ ಎದ್ದು ನಿಂತವರು ಕೂರುವುದಿಲ್ಲ. ಸಭಾಧ್ಯಕ್ಷರು ಸುಮ್ಮನೆ ಬಾಯಿ ಮುಚ್ಚಿಸುವಂತಿಲ್ಲ. ವಿಷಯ ಬಿಟ್ಟು ಹೋದರೆ, ಹೇಳಿದ್ದನ್ನೇ ಹೇಳಿದರೆ ಎಚ್ಚರಿಸಬಹುದು. ಆಮೇಲೂ ಮುಂದುವರಿದರೆ ಭಾಷಣ ನಿಲ್ಲಿಸಲು ಹೇಳಬಹುದು. ತಾವು ಚರ್ಚೆಗೆ ಇಳಿಯುವುದಿಲ್ಲ. ಎರಡೂ ಕಡೆ ಸಮ ಬಂದಾಗ ಮಾತ್ರ ಓಟು ಹಾಕುತ್ತಾರೆ, ಅದೂ ಮನಸ್ಸಿಗೆ ಬಂದಂತಲ್ಲ: ಚರ್ಚೆ ಮುಂದುವರಿಯುವ ಕಡೆಗೆ, ಅದು ಸಾಧ್ಯವಿಲ್ಲದಿದ್ದರೆ, ಈಗಿರುವುದು ಇದ್ದಂತೆಯೇ ಇರುವ ಕಡೆಗೆ. ಹೊಸದಾಗಿ ಆಯ್ಕೆಯಾದ ಸಭಾಧ್ಯಕ್ಷರನ್ನು ಇಬ್ಬರು ಸದಸ್ಯರು ತೋಳು ಹಿಡಿದು ಕುರ್ಚಿಗೆ ಎಳೆದೊಯ್ಯುವುದನ್ನೂ ನೋಡಿದ್ದೇನೆ. ಬೇಡ ಬೇಡ ಎನ್ನುತ್ತಲೇ ಹೋಗಬೇಕು. ಹಿಂದೆ ಇಂಗ್ಲೆಂಡಿನಲ್ಲಿ ಆ ಕುರ್ಚಿಯಲ್ಲಿ ಕೂತವರ ತಲೆಯನ್ನೇ ತೆಗೆಸಿದ್ದುಂಟಂತೆ.

ಮೆಲ್ಬರ್ನ್‌ಗೆ, ಗ್ಲೆನ್ ವೇವರ್ಲಿಗೆ ಬಂದ ಮೇಲೆ ನಮ್ಮ ಕನ್ನಡ ಸಂಘದವರು ನನ್ನನ್ನೇ ವಾರ್ಷಿಕ ಸಭೆಯ ಅಧ್ಯಕ್ಷೆ ಮಾಡಿದರು. ಸಂಘ ಕಟ್ಟಿದ ಹಿರಿಯರು ಯಾವುದೋ ಶಾಸನಸಭೆಯ ನಿಯಮಪುಸ್ತಕವನ್ನು ಅಚ್ಚುಕಟ್ಟಾಗಿ ಕಾಪಿ ಹೊಡೆದಿದ್ದರು, ಸಮಯಮಿತಿಯ ಪುಟವೊಂದನ್ನು ಬಿಟ್ಟು! ಸಭೆಯಲ್ಲಿ ತೀರ್ಮಾನವಾಗದ ನಿರ್ಣಯವನ್ನು ಮತ್ತೆ ತರಲು ಒಂದು ವರ್ಷ ಕಾಯಬೇಕು ಎಂಬ ಪುಟ ಮಾತ್ರ ಭದ್ರವಾಗಿತ್ತು.

ಆ ವರ್ಷದ ನಿರ್ಣಯ, ವಿದ್ಯಾರ್ಥಿ ವೀಸಾದವರಿಗೂ ಸಂಘದಲ್ಲಿ ಓಟು ಕೊಡಬೇಕೆಂಬುದು. ನಮ್ಮ ಶನಿವಾರದ ಕನ್ನಡ ಶಾಲೆಯನ್ನು ಹೆಗಲ ಮೇಲೆ ಹೊತ್ತಿದ್ದವಳು ಬೆಳಗಾವಿಯ ಒಬ್ಬ ವಿದ್ಯಾರ್ಥಿನಿ. ಆ ಶಾಲೆಯನ್ನು ಮುಚ್ಚುವ ಮಾತು ಬಂದಾಗ ಅವಳಿಗೆ ಕೈ ಎತ್ತುವ ಹಕ್ಕೂ ಇರಲಿಲ್ಲ. ಓಟು ಸಿಗದಿದ್ದರೆ ಬರುವ ವರ್ಷ ಶಾಲೆಯೂ ಇರುವುದಿಲ್ಲ. ನಿರ್ಣಯ ಮಂಡಿಸಿದವರು ನನ್ನ ಗಂಡ. ನನ್ನ ಮನಸ್ಸು ಎತ್ತ ಇತ್ತು ಅಂತ ಬೇರೆ ಹೇಳಬೇಕೆ?

ಹಾಲ್ ನಾಲ್ಕಕ್ಕೆ ಖಾಲಿ ಮಾಡಬೇಕಿತ್ತು. ಆಮೇಲೆ ಅಲ್ಲಿ ಜುಂಬಾ ಡಾನ್ಸ್ ಕ್ಲಾಸ್. ಎರಡೂವರೆಗೆ ವಿರೋಧಿ ಬಣದ ಬೆಂಗಳೂರಿನ ಅಂಕಲ್ ಎದ್ದರು, ನೀರಿನ ಬಾಟಲಿ ಹಿಡಿದು. ಸಂಘದ ಇತಿಹಾಸದಿಂದ ಶುರುಮಾಡಿ ಪಿಆರ್, ಅಂದರೆ ಕಾಯಂ ವಾಸದ ನಿಯಮಕ್ಕೆ ಬಂದು, ಅಲ್ಲಿಂದ ತಮ್ಮ ಮನೆಯ ನಿಂಬೆಗಿಡಕ್ಕೆ ಇಳಿದರು.

"ಅಂಕಲ್, ನಿರ್ಣಯದ ಬಗ್ಗೆ ಮಾತಾಡ್ರಿ," ಎಂದೆ.

"ಬರ್ತೀನಮ್ಮಾ, ಬೇರಿಂದಾನೇ ಬರ್ಬೇಕಲ್ವಾ," ಎಂದರು.

ಮೂರೂ ನಲವತ್ತಕ್ಕೆ ನನ್ನ ಗಂಡ ತಾಳಲಾರದೆ ಎದ್ದರು. ಚರ್ಚೆ ಸಾಕು, ಈಗಲೇ ಓಟಿಗೆ ಹಾಕಬೇಕು ಎಂದು ಮಂಡಿಸಿದರು. ಇದಕ್ಕೆ ಚರ್ಚೆಯಿಲ್ಲ, ನೇರ ಓಟು. ಕೈಗಳನ್ನು ಎಣಿಸಿದೆ. ಆ ಕಡೆ ಮೂವತ್ತೊಂದು, ಈ ಕಡೆ ಮೂವತ್ತೊಂದು.

ಎಲ್ಲರ ಕಣ್ಣು ನನ್ನ ಮೇಲೆ. ಗಂಡ ಆಗಲೇ ನಗುತ್ತಿದ್ದರು. ಬಹುಮತವಿಲ್ಲದೆ ಚರ್ಚೆಯ ಬಾಯಿ ಕಟ್ಟಲು ಆ ಕುರ್ಚಿಗೆ ಹಕ್ಕಿಲ್ಲ.

"ಅಧ್ಯಕ್ಷರ ಓಟು, ವಿರೋಧ. ಚರ್ಚೆ ಮುಂದುವರಿಯುತ್ತದೆ."

"ಏನ್ ಮಾಡಿದ್ಯೇ ನೀನು?" ಎಂದರು ಗಂಡ.

"ಮಾನ್ಯ ಸದಸ್ಯರು ಕೂಡ್ರಿ," ಎಂದೆ. ವಿದ್ಯಾರ್ಥಿನಿ ತಲೆ ತಗ್ಗಿಸಿದಳು. ನನಗೆ ಅಳುವೇ ಬಂದಿತ್ತು.

ಅಂಕಲ್ ಖುಷಿಯಿಂದ ಮತ್ತೆ ಸಂಘದ ಇತಿಹಾಸಕ್ಕೆ ಹೋದರು. ಆರು ವರ್ಷ ಬರೆದ ಕೈ ಸುಮ್ಮನಿರುತ್ತದೆಯೆ? ಅವರ ಮಾತಿನ ಟಿಪ್ಪಣಿ ನನ್ನ ಮುಂದೆಯೇ ಇತ್ತು. "ಇದನ್ನ ಎರಡೂ ಐವತ್ತಕ್ಕ ಹೇಳೀರಿ," ಎಂದು ಎಚ್ಚರಿಸಿದೆ. ಪಿಆರ್‌ಗೆ ಬಂದರು. "ಇದನ್ನ ಮೂರೂ ಹತ್ತಕ್ಕ." ನಿಂಬೆಗಿಡಕ್ಕೆ ಬಂದರು.

"ಎರಡು ಸಲ ಎಚ್ಚರಿಸಿದ್ದೇನೆ. ಭಾಷಣ ನಿಲ್ಲಿಸ್ರಿ."

ಅಂಕಲ್ ಸುತ್ತ ನೋಡಿದರು. ಪಕ್ಷಪಾತ ಎನ್ನೋಣವೆಂದರೆ, ಹತ್ತು ನಿಮಿಷದ ಹಿಂದೆ ಗಂಡನ ವಿರುದ್ಧ ಓಟು ಹಾಕಿದವಳು ನಾನು. ಅವರು ಕೂತರು. ಬೇರೆ ಯಾರೂ ಏಳಲಿಲ್ಲ.

ಮೂರೂ ಐವತ್ತೆರಡಕ್ಕೆ ನಿರ್ಣಯ ಓಟಿಗೆ ಬಂತು. ಮತ್ತೆ ಸಮ ಬಂದರೆ, ಹಳೆಯದೇ ಇರಲಿ ಎಂದು ನಾನೇ ಅದನ್ನು ಕೊಲ್ಲಬೇಕಿತ್ತು. ಪರ ಮೂವತ್ತೆರಡು, ವಿರುದ್ಧ ಮೂವತ್ತು. ಎರಡೆರಡು ಸಲ ಎಣಿಸಿದೆ. ಹೆಚ್ಚಿನ ಆ ಒಂದು ಕೈ ಅಂಕಲ್ ಪಕ್ಕದಲ್ಲೇ ಕೂತಿದ್ದ ಅವರ ಹೆಂಡತಿಯದು.

"ಅವ್ಳು ಗಂಡ ಅಂತ ನೋಡ್ದೇನೇ ಓಟ್ ಹಾಕಿದ್ಲು, ನಾನೂ ಹಾಕ್ದೆ ಕಣ್ರೀ," ಎಂದರು ಆಂಟಿ, ಅಂಕಲ್‌ಗೆ. ಹಾಲ್ ತುಂಬ ಚಪ್ಪಾಳೆ. ನನಗೆ ಹಿಗ್ಗು ತಡೆಯಲಾಗಲಿಲ್ಲ. ಮುಖ ಮಾತ್ರ ಗಂಟುಹಾಕಿಕೊಂಡೇ ಇದ್ದೆ. ಜುಂಬಾದವರು ಬಾಗಿಲಲ್ಲಿ ನಿಂತಿದ್ದರು.

ಮುಂದಿನ ವರ್ಷ ಮತ್ತೆ ನನ್ನನ್ನೇ ಆರಿಸಿದರು. "ಒಲ್ಲೆ, ಸಾಕಾಗೇದ," ಎಂದೆ. ಯಾವಾಗಲೋ ನಾನೇ ಹೇಳಿದ್ದ ಸಿಡ್ನಿಯ ಕಥೆಯನ್ನು ಅವರು ಮರೆತಿರಲಿಲ್ಲ. ಒಂದು ತೋಳನ್ನು ಈಗ ಓಟುಳ್ಳ ಸದಸ್ಯೆಯಾಗಿದ್ದ ಆ ಬೆಳಗಾವಿಯ ವಿದ್ಯಾರ್ಥಿನಿ ಹಿಡಿದಳು. ಇನ್ನೊಂದನ್ನು ಹಿಡಿದು ಎಳೆದವರು ನಿಂಬೆಗಿಡದ ಅಂಕಲ್.