ಗೆರಿ ಎಲ್ಲಿ ಮುಗೀತ್ರಿ ಮೌಶಿ?

ಕೋಥರೂಡದ ನಮ್ಮ ಮನ್ಯಾಗ ಊಟದ ಮೇಜೇ ನನ್ನ ಶಾಲಿ ಆಗಿತ್ತು. ಧಾರವಾಡದ ಕಡೆ ಬಿ.ಎಸ್ಸಿ. ಮುಗಿಸಿ, ಲಗ್ನ ಆಗಿ ಪುಣೆಕ್ಕ ಬಂದಾಕಿ ನಾನು. ಹತ್ತನೇತ್ತೆ, ಹನ್ನೆರಡನೇತ್ತೆ ಹುಡುಗರಿಗೆ ಗಣಿತ ಹೇಳಿಕೊಡತಿದ್ದೆ. ಬಾಯಿ ಭಾಳ ಜೋರು ನಂದು. ಮೂರನೇ ಮಜಲಿಯೊಳಗ ನಾ ಬೈದ್ರ ಕೆಳಗ ವಾಚಮನ್ ಗಾಬರಿ ಆಗತಾನ ಅಂತ ನಮ್ಮನಿಯವರು ಚ್ಯಾಷ್ಟಿ ಮಾಡತಿದ್ರು. ಅಂಥಾ ನನ್ನ ಬಾಯಿಗೆ ಹದ ಕಲಿಸಿದಾಕಿ ಒಬ್ಬ ಹುಡುಗಿ.

ಪರಿಚಯದವರೊಬ್ಬರು ಫೋನ್ ಮಾಡಿದ್ರು. "ಶಿವಾಜಿನಗರದ ಕಾಲೇಜಿನಾಗ ಬಿ.ಎ.ಗೆ ಗಣಿತ ತೊಗೊಂಡಾಳ, ನಮ್ಮ ಕನ್ನಡದಾಕಿನ. ಹುಟ್ಟಿನಿಂದ ಕಣ್ಣಿಲ್ಲ. ಓದಿ ಹೇಳೋರು ಬೇಕಾಗ್ಯಾರ." ಬಿ.ಎ.ಗೆ ಗಣಿತ ಸಿಗತದ ಅನ್ನೋದು ನನಗ ಗೊತ್ತಿತ್ತು, ಕಣ್ಣಿಲ್ಲದಾಕಿ ಅದನ್ನ ತೊಗೊಂಡಾಳ ಅನ್ನೋದ ಹೊಸದು. ಅಯ್ಯ, ಓದಿ ಹೇಳೋದೇನು ದೊಡ್ಡ ಮಾತು, ಕಳಸ್ರಿ ಅಂದುಬಿಟ್ಟೆ.

ಅವರಪ್ಪ ದೌಂಡದಾಗ ರೈಲ್ವೆ ಗ್ಯಾಂಗಮನ್. ಹಳಿ ಮ್ಯಾಲೆ ನಡಕೋತ ಹೋಗಿ ಎಲ್ಲಿ ಸಡಲ ಆಗ್ಯಾವ, ಎಲ್ಲಿ ಬಿರುಕು ಬಿಟ್ಟಾವ ಅಂತ ನೋಡೋ ಕೆಲಸ. ಕಲಬುರ್ಗಿ ಕಡೆಯವರು. ಹುಡುಗಿ ದಿನಾ ದೌಂಡದಿಂದ ರೈಲಿನಾಗ ಕಾಲೇಜಿಗೆ ಬರತಿದ್ಲು, ಜೊತೀಗೆ ಊರಿನ ಹುಡುಗೀರು ಇರತಿದ್ರು. ಅಪ್ಪಗ ರಜಾ ಇದ್ದ ದಿನ ಅಪ್ಪನೇ ಕರಕೊಂಡು ಬರತಿದ್ರು. ಮೊದಲನೇ ದಿನ ಬಾಗಲದಾಗ ನಿಂತು, "ಒಳಗ ಬರ್ರಿ" ಅಂದ್ರೂ ಬರಲಿಲ್ಲ. "ಬೂಟಿಗೆ ಗ್ರೀಸ್ ಹತ್ಯದ್ರಿ ಅಕ್ಕಾರ" ಅಂದು ಮೆಟ್ಟಲ ಮ್ಯಾಲೆ ಕೂತ್ರು.

ಅಕಿ ತ್ರಾಸ ಏನಂದ್ರ, ಕಾಲೇಜಿನಾಗ ಸರ್ ಹಲಗಿ ಮ್ಯಾಲೆ ಬರದು, "ಇದರಿಂದ ಇದು, ಇದಕ್ಕ ಇದು" ಅಂತ ಬಟ್ಟು ತೋರಸ್ತಿದ್ರು. ಯಾವುದು "ಇದು"? ಅಕಿ ಕಿವಿಗೆ ಬರೇ ಸೀಮೆಸುಣ್ಣದ ಸಪ್ಪಳ. ಒಬ್ಬ ಗೆಳತಿ ಹತ್ರ ಸಣ್ಣ ಡಿಜಿಟಲ್ ಕ್ಯಾಮರಾ ಇತ್ತು. ಹಲಗಿ ಒರಸೋಕಿಂತ ಮೊದಲ ಆ ಹುಡುಗಿ ಫೋಟೋ ಹೊಡೀತಿದ್ಲು. ಶನಿವಾರಕ್ಕೊಮ್ಮೆ ಅವನ್ನೆಲ್ಲಾ ಸೀಡಿಗೆ ಹಾಕಿ ಕೊಡತಿದ್ಲು. ನಾನು ನಮ್ಮ ಮನಿ ಕಂಪ್ಯೂಟರದಾಗ ತೆರೆದು, ದೊಡ್ಡದು ಮಾಡಿ, ಓದಿ ಹೇಳಬೇಕು. ಹುಡುಗಿ ಬ್ರೈಲ್ ಪಾಟಿ ಮ್ಯಾಲೆ ಮೊಳೀಲೆ ಚುಚ್ಚಿ ಚುಚ್ಚಿ ಬರಕೋಬೇಕು.

ಮೊದಲನೇ ಫೋಟೋನ ನನ್ನ ಸೊಕ್ಕು ಇಳಸ್ತು. "ಎಕ್ಸ್ ಪ್ಲಸ್ ಒನ್ ಬೈ ಎಕ್ಸ್ ಮೈನಸ್ ಒನ್" ಅಂತ ಸರಸರ ಓದಿದೆ. ಹುಡುಗಿ ಕೈ ಎತ್ತಿ ನಿಂದರಿಸಿದ್ಲು.

"ಗೆರಿ ಎಲ್ಲಿ ಶುರು ಆತು, ಎಲ್ಲಿ ಮುಗೀತ್ರಿ ಮೌಶಿ?"

"ಯಾವ ಗೆರಿ?"

"ಭಾಗಾಕಾರದ್ದು. ಎಕ್ಸ್ ಪ್ಲಸ್ ಒನ್ ಪೂರ್ತಿ ಮ್ಯಾಲದನೋ, ಬರೇ ಒನ್ ಅದನೋ? ಕೆಳಗ ಎಕ್ಸ್ ಒಂದ ಅದನೋ, ಎಕ್ಸ್ ಮೈನಸ್ ಒನ್ ಅದನೋ? ನೀವು ಹೇಳಿದ ರೀತಿಗೆ ನಾಕು ಉತ್ತರ ಬರತಾವ್ರಿ."

ನಾಕನ್ನೂ ಅಲ್ಲೇ ಹೇಳಿ ತೋರಿಸಿದ್ಲು. ನಾಕೂ ಖರೇನ! ಎಷ್ಟು ವರ್ಷ ಪಾಠ ಹೇಳಿದ್ರೂ ನನಗ ಇದು ಹೊಳದಿರಲಿಲ್ಲ, ಯಾಕಂದ್ರ ಕಣ್ಣು ಗೆರಿ ನೋಡತದ, ಬಾಯಿ ಅದನ್ನ ನುಂಗತದ. "ಏ ಶಾಣ್ಯಾಕಿ, ಮದಲ ಹೇಳಬಾರದೇನ" ಅಂತ ಬೈದೆ. ಅಕಿ ನಕ್ಕಳು. ನನ್ನ ಬೈಗಳಕ್ಕ ಹೆದರದ ಹುಡುಗಿ ನಾ ನೋಡಿದ್ದು ಅಕಿ ಒಬ್ಬಾಕಿನ್ನ.

ಆಮ್ಯಾಲೆ ಇಬ್ಬರೂ ಕೂಡಿ ಒಂದು ರೀತಿ ಮಾಡಿಕೊಂಡ್ವಿ. ಫೋಟೋ ತೆರೆದ ಕೂಡಲೇ ಮೊದಲು ಇದು ಗಣಿತದ ಯಾವ ಶಾಖೆ ಅಂತ ಹೇಳೋದು: ಬೀಜಗಣಿತನೋ, ಕಲನಶಾಸ್ತ್ರನೋ, ಭೂಮಿತಿನೋ. ಶಾಖೆ ಗೊತ್ತಾದ್ರ ಕಿವಿ ತಯಾರ ಆಗತದ ಅಂತಿದ್ಲು. ನಂತರ ನಡುವ ಸಮಚಿಹ್ನೆ ಅದನೋ ಇಲ್ಲೋ, ಎಡಕ್ಕ ಎಷ್ಟು ಪದ, ಬಲಕ್ಕ ಎಷ್ಟು ಪದ. ಆಮ್ಯಾಲೆ ಒಂದೊಂದ ಪದ ಓದೋದು: "ಗೆರಿ ಶುರು, ಮ್ಯಾಲೆ ಇದು, ಕೆಳಗ ಇದು, ಗೆರಿ ಮುಗೀತು." ಘಾತ ಇದ್ರ ಯಾರ ತಲಿ ಮ್ಯಾಲದ ಅಂತ ಹೇಳೋದು. ನಮ್ಮನಿಯವರು ಪೇಪರ್ ಓದಕೋತ, "ಇದೇನು ಗಣಿತನೋ, ಮನಿ ಹುಡುಕಲಿಕ್ಕೆ ದಾರಿ ಹೇಳೋದೋ" ಅಂತ ನಗತಿದ್ರು.

ಹಿಂಗ ಒಂದು ವರ್ಷದ ಮ್ಯಾಲಾತು. ಶನಿವಾರ ಅಂದ್ರ ನಾ ಅಕಿ ದಾರಿ ಕಾಯೋ ಹಂಗಾಗಿತ್ತು. ನನಗ ಹೆಣ್ಣು ಮಕ್ಕಳಿಲ್ಲ. ಅಕಿ ಬಂದು ಮೇಜಿನ ಅಂಚು ಹಿಡದು, ತನ್ನ ಕುರ್ಚಿ ತಾನ ಎಳಕೊಂಡು ಕೂತ್ರ, ಮನಿ ತುಂಬಿದಂಗ ಅನಸ್ತಿತ್ತು ನನಗ. ಅಕಿಗೆ ಅದನ್ನ ಹೇಳಲಿಲ್ಲ. ಉಪ್ಪಿಟ್ಟು ಮಾಡಿ ಹಾಕತಿದ್ದೆ.

ಕಡೀ ವರ್ಷಕ್ಕ ವಿಶೇಷ ವಿಷಯ ಆರಿಸಿಕೊಂಡ್ಲು, ಗಣಿತನ. ಪಾಠ ಶುರುವಾಗಿ ಸ್ವಲ್ಪ ದಿನಕ್ಕ, ಒಂದು ಶನಿವಾರ, ಅಪ್ಪ ಅಕಿ ಜೊತಿ ಮ್ಯಾಲೆ ಬಂದ್ರು. ಆವತ್ತು ಬೂಟು ಹೊರಗ ಬಿಟ್ಟು ಒಳಗ ಬಂದ್ರು.

"ಕಾಲೇಜಿನ ಸರ್ ಕರಸಿದ್ರಿ ಅಕ್ಕಾರ. ಇನ್ನ ಮುಂದಿಂದು ಬಿರಸದಂತ. ವಿಷಯ ಬದಲಿ ಮಾಡ್ರಿ, ಸಮಾಜಶಾಸ್ತ್ರ ಕೊಡಸ್ರಿ, ಸೋಮವಾರ ಹೇಳ್ರಿ ಅಂದಾರ. ಒಳ್ಳೇ ಮನಸ್ಸಲೇನ ಹೇಳ್ಯಾರ. ನನಗೂ ಅದ ಬರೋಬರಿ ಅನಸ್ತದ."

ಹುಡುಗಿ ಮಾರಿ ಕೆಳಗ ಹಾಕಿ, ಬ್ರೈಲ್ ಮೊಳೀನ ಬಟ್ಟಿನಾಗ ತಿರುವಕೋತ ಕೂತ್ಲು. ಗಾಡ್ಯಾಗ ಅತ್ತಿದ್ಲು ಅಂತ ಕಾಣತದ, ಕಣ್ಣು ಕೆಂಪಾಗಿದ್ವು. ನನಗ ಸಿಟ್ಟು ನೆತ್ತಿಗೇರಿತ್ತು. ಆದ್ರ ಅಪ್ಪನ ಮುಂದ ಏನ್ ಕೂಗಾಡೋದು? "ಇವತ್ತಿಂದು ಫೋಟೋ ಓದೂಣು. ನೀವೂ ಕೂತು ಕೇಳ್ರಿ, ಆಮ್ಯಾಲೆ ಏನರ ಮಾಡ್ರಿ" ಅಂದೆ.

ಫೋಟೋ ತೆರೆದೆ. ಹಲಗಿ ಮ್ಯಾಲೆ ಟ್ಯೂಬಲೈಟಿನ ಬೆಳಕು ಬಿದ್ದು ಸಾಲಿನ ಮ್ಯಾಲಿನ ಅಂಚೆಲ್ಲಾ ಬೆಳ್ಳಗಾಗಿತ್ತು. ಸಿಟ್ಟಿನಾಗ ನನ್ನ ಲಕ್ಷ ಎಲ್ಲಿತ್ತೋ ಏನೋ. "ಕಲನಶಾಸ್ತ್ರ, ಸಾದಾ ಡಿಫರೆನ್ಶಿಯಲ್ ಇಕ್ವೇಶನ್. ನಡುವ ಸಮಚಿಹ್ನೆ. ಎಡಕ್ಕ ಒಂದು ಪದ: ಗೆರಿ ಶುರು, ಮ್ಯಾಲೆ ಡಿ ಯು, ಕೆಳಗ ಡಿ ಟಿ, ಗೆರಿ ಮುಗೀತು. ಬಲಕ್ಕ ಕೆ, ಅದರ ಬಾಜೂಕ ಗೆರಿ ಶುರು, ಮ್ಯಾಲೆ ಡಿ, ಡಿ ತಲಿ ಮ್ಯಾಲೆ ಎರಡು, ಆಮ್ಯಾಲೆ ಯು. ಕೆಳಗ ಡಿ ಎಕ್ಸ್, ಎಕ್ಸ್ ತಲಿ ಮ್ಯಾಲೆ ಎರಡು. ಗೆರಿ ಮುಗೀತು."

ಅಕಿ ಚುಚ್ಚೋದು ನಿಂತಿತು. "ಕೆಳಗಿನ ಸಾಲು ಏನದ್ರಿ?"

"ಯು, ಕಂಸದಾಗ ಎಕ್ಸ್, ಅಲ್ಪವಿರಾಮ, ಸೊನ್ನೆ. ಸಮ. ಎಫ್ ಆಫ್ ಎಕ್ಸ್."

"ಹಂಗಾದ್ರ ಅವು ಡಿ ಅಲ್ಲರಿ ಮೌಶಿ. ಯುಗೆ ಕಂಸದಾಗ ಎರಡು ಜಾಗ ಅವ. ಒಂದು ಎಕ್ಸ್, ಇನ್ನೊಂದು ವ್ಯಾಳ್ಯಾ. ಶುರೂನ ವ್ಯಾಳ್ಯಾ ಸೊನ್ನೆ. ಎರಡರ ಮ್ಯಾಲೆ ನಿಂತಿದ್ದಕ್ಕ ಒಂದನ್ನ ಗಟ್ಟಿ ಹಿಡದು ಇನ್ನೊಂದರ ಬದಲಾವಣಿ ನೋಡಬೇಕಾದ್ರ ಪಾರ್ಶಿಯಲ್ ಚಿಹ್ನೆ ಬೇಕು. ನೀವು ಹೇಳಿದ ಡಿಗಳ ತಲಿ ನೋಡ್ರಿ. ನೆಟ್ಟಗವನೋ, ಬಗ್ಗ್ಯಾವನೋ?"

ಫೋಟೋ ಇನ್ನಷ್ಟು ದೊಡ್ಡದು ಮಾಡಿದೆ. ಬೆಳಕಿನಾಗ ಮುಳುಗಿದ್ದ ತುದಿ ಸ್ವಲ್ಪ ಸ್ವಲ್ಪ ಕಾಣಲಿಕ್ಕೆ ಹತ್ತಿತು. ಒಂದೊಂದೂ ತಲಿ ಎಡಕ್ಕ ಬಗ್ಗಿಸಿ ನಿಂತಿತ್ತು. ಡಿ ಅಲ್ಲ. ಇಂಗ್ಲಿಷ್ ಆರರ ಅಂಕಿ ಕನ್ನಡಿಯೊಳಗ ಕಂಡಂಗ ಬರಿಯೋ ಪಾರ್ಶಿಯಲ್ ಚಿಹ್ನೆ ಅದು.

"ಬಗ್ಗ್ಯಾವ ನನ್ನವ್ವಾ, ಎಲ್ಲಾ ಬಗ್ಗ್ಯಾವ" ಅಂದೆ.

"ಹಂಗಾರ ಶಾಖೆ ಪಾರ್ಶಿಯಲ್ ಡಿಫರೆನ್ಶಿಯಲ್ ಇಕ್ವೇಶನ್. ಎರಡನೇ ದರ್ಜೆದು. ಇದು ಶಾಖದ ಸಮೀಕರಣರಿ." ಅಕಿ ಅಪ್ಪನ ಕಡೆ ಮಾರಿ ತಿರುಗಿಸಿದ್ಲು. "ಅಪ್ಪಾ, ಒಂದು ಹಳಿ ತುಂಡು ತಿಳಕೋ. ಒಂದು ತುದಿ ಬಿಸಿ, ಒಂದು ತುದಿ ತಣ್ಣಗ. ಯು ಅಂದ್ರ ಬಿಸಿ ಎಷ್ಟದ ಅನ್ನೋದು. ಎಕ್ಸ್ ಅಂದ್ರ ಹಳಿ ಮ್ಯಾಲೆ ಎಲ್ಲಿ, ಟಿ ಅಂದ್ರ ಯಾವಾಗ. ಎಡಗಡೆದು, ನೀ ಒಂದ ಕಡೆ ಕೈ ಇಟ್ಟು ನಿಂತ್ರ ಅಲ್ಲಿ ಬಿಸಿ ಎಷ್ಟು ಜಲ್ದಿ ಬದಲಾಗತದ ಅಂತ ಹೇಳತದ. ಬಲಗಡೆದು, ಆ ಜಾಗ ತನ್ನ ಆಜೂಬಾಜೂಕಿಂತ ಎಷ್ಟು ಬ್ಯಾರೆ ಅದ ಅಂತ. ಬಾಜೂದವು ಹೆಚ್ಚು ಬಿಸಿ ಇದ್ರ ಇದೂ ಕಾಯತದ. ಕೆ ಲೋಹದ ಗುಣ, ಬಿಸಿ ಎಷ್ಟು ಲಗೂನ ಹರಡತದ ಅನ್ನೋದು."

ಅಪ್ಪ ಪರದೆ ನೋಡಿದ್ರು. ಆಮ್ಯಾಲೆ ನನ್ನ ಕಡೆ ತಿರುಗಿದ್ರು.

"ಅಕಿಗೆ ಬುದ್ಧಿ ಅದ ಅನ್ನೋದು ನನಗ ಗೊತ್ತದ್ರಿ ಅಕ್ಕಾರ. ನನ್ನ ಅಂಜಿಕಿ ಅದಲ್ಲ. ಇವತ್ತು ನೀವದೀರಿ. ನಾಳೆ ನಿಮ್ಮ ಯಜಮಾನರಿಗೆ ಬದಲಿ ಆದ್ರ? ನಿಮಗ ಮೈಯಾಗ ಆರಾಮ ಇಲ್ಲಂದ್ರ? ಆ ಗೆಳತಿ ಲಗ್ನ ಆಗಿ ಹೋದ್ಲಂದ್ರ? ನಡುನೀರಾಗ ನನ್ನ ಮಗಳು ಯಾರನ್ನ ಕೇಳಬೇಕ್ರಿ, ಓದಿ ಹೇಳ್ರಿ ಅಂತ?"

ಅವರ ಮಾತು ಖರೇ ಇತ್ತು. ಯಜಮಾನರ ಬದಲಿ ಮಾತು ಆಗಲೇ ಅವರ ಬ್ಯಾಂಕಿನಾಗ ನಡದಿತ್ತು, ನಾನು ಹುಡುಗಿಗೆ ಹೇಳಿರಲಿಲ್ಲ.

ಅಪ್ಪ ಎದ್ದರು. ಹೊಂಟ್ರು ಅಂದಕೊಂಡೆ. ಹೋಗಲಿಲ್ಲ. ಕುರ್ಚಿ ಎಳಕೊಂಡು ಕಂಪ್ಯೂಟರದ ಮುಂದ ನನ್ನ ಬಾಜೂಕ ಕೂತ್ರು. ದಪ್ಪನ ಬಟ್ಟನ್ನ ಪರದೆಗೆ ಹತ್ತದಂಗ ಹಿಡದು ಕೇಳಿದ್ರು.

"ಇದಕ್ಕ ಏನಂತಾರ್ರಿ?"

"ಪಾರ್ಶಿಯಲ್. ಯಾಕ್ರಿ?"

"ಇಂಗ್ಲಿಷ್ ಅಕ್ಷರ ನನಗ ಬರತಾವ್ರಿ, ರೈಲು ಡಬ್ಬಿ ಮ್ಯಾಲೆ ಓದಿ ಓದಿ. ಈ ಡೊಂಕು ಡೊಂಕು ಅವಲ್ಲ, ಇವುಗಳ ಹೆಸರಷ್ಟ ಹೇಳಿಕೊಡ್ರಿ. ಅರ್ಥ ನನಗ ಬ್ಯಾಡ್ರಿ. ಅರ್ಥ ಅಕಿ ನೋಡಕೊಳ್ತಾಳ."

ಒಂದೊಂದ ಹೆಸರು ಹೇಳಿದೆ. ಅವರು ಹಿಂದಿಂದ ಹೇಳಿದ್ರು. ಆಮ್ಯಾಲೆ ತಾವ ಶುರು ಮಾಡಿದ್ರು. "ಗೆರಿ ಶುರು... ಮ್ಯಾಲೆ... ಪಾರ್ಶಿಯಲ್, ಯು... ಕೆಳಗ ಪಾರ್ಶಿಯಲ್, ಟಿ..." ನಡುನಡುವ ತೊದಲಿದ್ರು, ಬೆವರಿದ್ರು. ಬಲಗಡೆ ಬಂದಾಗ ಎರಡನ್ನ ಯು ತಲಿ ಮ್ಯಾಲೆ ಇಟ್ಟರು. ಮಗಳು ಒಂದೀಟೂ ಮುಲಾಜಿಲ್ಲದ, "ತಪ್ಪು ಅಪ್ಪಾ. ಎರಡು ಪಾರ್ಶಿಯಲ್ ಮ್ಯಾಲೆ ಇರಬೇಕು, ನೋಡು" ಅಂದ್ಲು. ಅವರು ಬಗ್ಗಿ ನೋಡಿ, "ಹೌದವ್ವಾ, ಅದರ ಮ್ಯಾಲೆ ಅದ" ಅಂದ್ರು. ಮೊಳಿ ಮತ್ತ ಟಕಟಕ ಚುಚ್ಚಲಿಕ್ಕೆ ಹತ್ತಿತು. ಹುಡುಗಿ ಅಳಕೋತ ನಗತಿದ್ಲು, ಕೈ ಮಾತ್ರ ನಿಲ್ಲಲಿಲ್ಲ. ಅಲ್ಲೀತನಕ ಅಕಿ ಓದಿನಾಗ ಆ ಮನುಷ್ಯಾಗ ಕರಕೊಂಡು ಬರೋದು, ಕರಕೊಂಡು ಹೋಗೋದು ಬಿಟ್ರ ಬ್ಯಾರೆ ಕೆಲಸ ಇರಲಿಲ್ಲ.

ಸಾಲು ಮುಗೀತು. ಅಪ್ಪ ಟವಲ್ಲಿನಿಂದ ಮಾರಿ ಒರಸಿಕೊಂಡು ನನ್ನ ಕಡೆ ನೋಡಿದ್ರು.

"ಸೋಮವಾರ ಸರ್‌ಗ ಹೇಳತೀನ್ರಿ ಅಕ್ಕಾರ, ವಿಷಯ ಬದಲಿ ಬ್ಯಾಡ, ಓದಿ ಹೇಳಾವ ಸಿಕ್ಕಾನ ಅಂತ."