ಕಳಿಸಿದ್ದು, ಮಾರಿದ್ದು

ನನ್ನ ಗಂಡನಿಗೆ ತಂಗಿಯ ಮುಖ ನೋಡಿ 'ನಿನ್ನ ಅಂಗಡಿ ಮುಚ್ಚಬೇಕು' ಎನ್ನುವ ಧೈರ್ಯವಿರಲಿಲ್ಲ. ಅದಕ್ಕೇ ಕಂಪ್ಯೂಟರ್ ಹೇಳಲಿ ಎಂದು ನನ್ನ ಬಳಿ ಬಂದರು.

ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮದೊಂದು ಬೇಕರಿ. ಅದರ ಇನ್ನೊಂದು ಕೌಂಟರು ಭದ್ರಾವತಿಯ ಕಾಗದನಗರದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ನನ್ನ ನಾದಿನಿ. ಅಲ್ಲಿನ ಕಾಗದದ ಕಾರ್ಖಾನೆ ನಿಂತು ಅವಳ ಗಂಡನ ಕೆಲಸ ಹೋದ ಮೇಲೆ ಮನೆ ನಡೆಯುತ್ತಿದ್ದದ್ದೇ ಆ ಕೌಂಟರಿನಿಂದ. ದಿನಾ ಬೆಳಿಗ್ಗೆ ನಮ್ಮ ವ್ಯಾನು ಬನ್ನು, ಬ್ರೆಡ್ಡು ತುಂಬಿಕೊಂಡು ಅಲ್ಲಿಗೆ ಹೋಗುತ್ತಿತ್ತು. ವ್ಯಾಪಾರ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಹಟ ಹಿಡಿದು ಪೈಥಾನ್‌ನಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿತಿದ್ದೆ. ಎರಡೂ ಕೌಂಟರಿನ ಮುಂದಿನ ವಾರಗಳ ವ್ಯಾಪಾರ ಎಷ್ಟಾಗಬಹುದು, ಒಂದು ಪುಟದಲ್ಲಿ ತೋರಿಸು, ಭಾನುವಾರ ತಂಗಿಯನ್ನೂ ಕರೆಸುತ್ತೇನೆ ಎಂದರು ಇವರು. ಅವರ ಉದ್ದೇಶ ನನಗೆ ಗೊತ್ತಾಯಿತು, ಸಿಟ್ಟೂ ಬಂತು. ಆದರೂ ಒಪ್ಪಿಕೊಂಡೆ. ಕೆಲಸದ ಆಸೆ ಅಂಥದ್ದು.

ಬಿಲ್ಲಿಂಗ್ ಯಂತ್ರದಿಂದ ದಿನದ ಬಿಲ್ಲುಗಳನ್ನು ಇಳಿಸಿಕೊಂಡು, ವ್ಯಾಪಾರದ ಮುಕ್ಕಾಲು ಪಾಲು ಬನ್ನಿನದೇ ಆದ್ದರಿಂದ ಅದರ ಮಾರಾಟವನ್ನಷ್ಟೇ ತೆಗೆದು ವಾರವಾರಕ್ಕೆ ಕೂಡಿಸಿದೆ. ಮುಂದಿನದನ್ನು ಊಹಿಸಲು ನಾನು ಬರೆದ ಮಾದರಿ ಬಹಳ ಸರಳವಾದದ್ದು. ಈ ವಾರದ ಮಾರಾಟಕ್ಕೆ ಒಂದಿಷ್ಟು ತೂಕ ಕೊಡುತ್ತದೆ, ಇಲ್ಲಿಯವರೆಗಿನ ಅಂದಾಜಿಗೆ ಉಳಿದ ತೂಕ ಕೊಡುತ್ತದೆ, ಎರಡನ್ನೂ ಸೇರಿಸಿ ಹೊಸ ಅಂದಾಜು ಮಾಡುತ್ತದೆ. ಹಳೆಯ ವಾರಗಳು ನಿಧಾನವಾಗಿ ಮಾಸುತ್ತ ಹೋಗುತ್ತವೆ. ಅದರ ಜೊತೆಗೆ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ಹೀಗೇ ಅಂದಾಜು ಮಾಡಿ ಮುಂದಕ್ಕೆ ಎಳೆಯುತ್ತದೆ. ಪ್ರೋಗ್ರಾಮನ್ನು ವೆಬ್ ಪುಟದಂತೆ ತೋರಿಸುವ ಸ್ಟ್ರೀಮ್‌ಲಿಟ್‌ನಲ್ಲಿ ಇದನ್ನು ಪುಟವಾಗಿ ಕೂರಿಸಿದೆ. ಮೇಲೆ ಕೌಂಟರು ಆರಿಸುವ ಪಟ್ಟಿ, ಪಕ್ಕದಲ್ಲಿ ತೂಕ ಬದಲಿಸುವ ಸ್ಲೈಡರು, ಕೆಳಗೆ ಗೆರೆ. ಸ್ಲೈಡರನ್ನು ಮುಟ್ಟಿದರೆ ಸಾಕು, ಇಡೀ ಪ್ರೋಗ್ರಾಮು ಮೇಲಿನಿಂದ ಕೆಳಗೆ ಮತ್ತೆ ಓಡಿ ಹೊಸ ಗೆರೆ ಬರುತ್ತದೆ. ನಾನಂತೂ ಸುಮ್ಮಸುಮ್ಮನೆ ಅದನ್ನು ಎಳೆದಾಡುತ್ತ ಕೂತಿದ್ದೂ ಉಂಟು.

ಭದ್ರಾವತಿಯ ಗೆರೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. ಇವರು ಹಿಂದೆ ನಿಂತು ನೋಡಿ, ನೋಡಿದೆಯಾ ಎಂಬಂತೆ ತಲೆಯಾಡಿಸಿ ಹೋದರು.

ಮಾದರಿಯನ್ನು ಪರೀಕ್ಷೆ ಮಾಡದೆ ನಂಬುವುದು ನನ್ನ ಜಾಯಮಾನವಲ್ಲ. ಕೊನೆಯ ಕೆಲವು ವಾರಗಳನ್ನು ಬಚ್ಚಿಟ್ಟು, ಅದಕ್ಕೂ ಹಿಂದಿನದನ್ನಷ್ಟೇ ಕೊಟ್ಟು ಊಹಿಸಲು ಬಿಟ್ಟೆ. ಶಿವಮೊಗ್ಗದ ಊಹೆ ಒಂದು ವಾರ ಮೇಲೆ, ಒಂದು ವಾರ ಕೆಳಗೆ ತಪ್ಪುತ್ತಿತ್ತು. ಅದು ಸಹಜ. ಮಳೆ ಬಂದರೆ, ಮದುವೆ ಇದ್ದರೆ ಗಿರಾಕಿಗಳ ಸಂಖ್ಯೆ ಬದಲಾಗುತ್ತದೆ. ಭದ್ರಾವತಿಯದು ಮಾತ್ರ ಹೆಚ್ಚುಕಡಿಮೆ ತಪ್ಪಲೇ ಇಲ್ಲ. ಕಾಪಿ ಹೊಡೆದ ಹುಡುಗರ ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೊಂದು ವಾಸನೆ ಹಿಡಿಯುವ ಮೂಗು ಬೆಳೆದಿದೆ. ಇಷ್ಟು ಸರಿ ಇದ್ದರೆ ಎಲ್ಲೋ ಏನೋ ಸರಿಯಿಲ್ಲ ಎಂದುಕೊಂಡೆ.

ಮಾರಾಟದ ಅಂಕಿಯ ಪಕ್ಕದಲ್ಲಿ ವ್ಯಾನಿನಲ್ಲಿ ಕಳಿಸಿದ ಬನ್ನಿನ ಅಂಕಿಯನ್ನು ಇಟ್ಟು ನೋಡಿದೆ. ಎರಡೂ ಒಂದೇ. ವಾಪಸು ಬಂದದ್ದು ಸೊನ್ನೆ. ಬಿಲ್ಲುಗಳ ಮೇಲೆ ವೇಳೆಯೂ ಇರುತ್ತದಲ್ಲ, ಅದನ್ನೂ ನೋಡಿದೆ. ಶಿವಮೊಗ್ಗದಲ್ಲಿ ಬನ್ನಿನ ಕೊನೆಯ ಬಿಲ್ಲು ರಾತ್ರಿ ಅಂಗಡಿ ಮುಚ್ಚುವ ಹೊತ್ತಿನದು. ಭದ್ರಾವತಿಯಲ್ಲಿ ಮಧ್ಯಾಹ್ನದ್ದು. ವಾರ ಕಳೆದಂತೆ ಅದು ಇನ್ನೂ ಹಿಂದಕ್ಕೆ ಸರಿಯುತ್ತಿತ್ತು.

ಇವರು ಭದ್ರಾವತಿಗೆ ಕಳಿಸುವ ಕ್ರಮ ನನಗೆ ಗೊತ್ತಿತ್ತು. ಹಿಂದಿನ ವಾರಗಳ ಮಾರಾಟದ ಸರಾಸರಿ ನೋಡಿ, ಉಳಿದು ಹಾಳಾಗದಿರಲಿ ಎಂದು ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ಕಳಿಸುತ್ತಿದ್ದರು. ಕಡಿಮೆ ಕಳಿಸಿದರೆ ಕಡಿಮೆಯೇ ಮಾರಾಟ. ಮುಂದಿನ ವಾರ ಆ ಕಡಿಮೆಯಿಂದ ಮತ್ತಷ್ಟು ಕಡಿತ. ನನ್ನ ಮಾದರಿ ಭದ್ರಾವತಿಯ ಜನರನ್ನು ಊಹಿಸುತ್ತಲೇ ಇರಲಿಲ್ಲ. ಅದು ನನ್ನ ಗಂಡನನ್ನು ಊಹಿಸುತ್ತಿತ್ತು. ಅವರನ್ನು ಊಹಿಸುವುದು ಸುಲಭ, ಇಷ್ಟು ವರ್ಷ ಸಂಸಾರ ಮಾಡಿದ ನಾನೇ ಸಾಕ್ಷಿ.

ಆಗಲೇ ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇಬ್ಬರೂ ಒಟ್ಟಿಗೇ ನೋಡಲಿ ಅನ್ನಿಸಿತು.

ಭಾನುವಾರ ನಾದಿನಿ ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಆಸ್ಪತ್ರೆಗೆ ಬಂದವಳ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಳು. ಯಾಕೆ ಕರೆದಿದ್ದಾರೆಂದು ಅವಳಿಗೆ ಗೊತ್ತಿತ್ತು. ದೋಸೆ ಹಾಕಿ ಕೊಟ್ಟರೆ ಅರ್ಧ ತಿಂದು ಬಿಟ್ಟಳು. ಇವರು ಗಂಟಲು ಸರಿಮಾಡಿಕೊಂಡು, ತೋರಿಸು ಎಂದರು.

ನಾನು ಭದ್ರಾವತಿಯನ್ನು ಆರಿಸಿದೆ. ಇಳಿಯುವ ಗೆರೆ ಬಂತು. ಅವಳು ಅದನ್ನು ಒಂದು ಕ್ಷಣ ನೋಡಿ ಕಣ್ಣು ತಗ್ಗಿಸಿದಳು.

"ಕಂಪ್ಯೂಟರೇ ಹೇಳಿದ್ಮೇಲೆ ಇನ್ನೇನಿದೆ? ಮುಚ್ಬಿಡು ಅಣ್ಣ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವಾಗ ಅವಳ ಗಲ್ಲ ನಡುಗುತ್ತಿತ್ತು. ಪುಟದಲ್ಲಿ ನಾನು ಹೊಸದಾಗಿ ಸೇರಿಸಿದ್ದ 'ಕಳಿಸಿದ್ದು' ಎಂಬ ಚೌಕಕ್ಕೆ ಟಿಕ್ ಹಾಕಿ, ಈಗ ಕಳಿಸಿದ ಬನ್ನಿನ ಗೆರೆಯೂ ಬರುತ್ತದೆ ನೋಡಿ ಎಂದೆ.

ಇವರು ಪರದೆಯ ಹತ್ತಿರಕ್ಕೆ ಬಗ್ಗಿದರು. ಇನ್ನೊಂದು ಗೆರೆ ಎಲ್ಲಿ, ಕೆಟ್ಟು ಹೋಯಿತಾ ಎಂದು ಕೇಳಿದರು. ಕೆಟ್ಟಿಲ್ಲ, ಎರಡೂ ಒಂದರ ಮೇಲೊಂದು ಕೂತಿವೆ ಎಂದೆ. ಶಿವಮೊಗ್ಗವನ್ನು ಆರಿಸಿ ತೋರಿಸಿದೆ. ಅಲ್ಲಿ ಕಳಿಸಿದ್ದು ಮೇಲೆ, ಮಾರಿದ್ದು ಕೆಳಗೆ, ನಡುವೆ ಉಳಿದ ಬನ್ನಿನಷ್ಟು ಜಾಗ. ಮತ್ತೆ ಭದ್ರಾವತಿಗೆ ಬಂದೆ. ಕೊನೆಯ ಬಿಲ್ಲಿನ ವೇಳೆಯನ್ನೂ ತೋರಿಸಿದೆ. ಆಮೇಲೆ ನಾದಿನಿಯನ್ನು ಕೇಳಿದೆ, ಬನ್ನು ಖಾಲಿಯಾದ ಮೇಲೆ ಏನು ಮಾಡುತ್ತೀಯೆಂದು.

"ಶಟರ್ ಅರ್ಧ ಎಳ್ದು ಒಳಗೆ ಕೂತ್ಕೋತೀನಿ ಅತ್ತಿಗೆ. ಬಂದೋರಿಗೆಲ್ಲ ಇಲ್ಲ, ಇಲ್ಲ ಅನ್ನೋಕೆ ನಾಚಿಕೆಯಾಗುತ್ತೆ."

ಇವರು ತಂಗಿಯ ಕಡೆ ತಿರುಗಿದರು. ಜಾಸ್ತಿ ಬೇಕು ಅಂತ ಒಂದು ಫೋನ್ ಮಾಡಬಾರದಿತ್ತಾ ಎಂದರು.

"ನೀನು ಲೆಕ್ಕ ನೋಡಿ ಕಳಿಸ್ತೀಯ ಅಂದ್ಕೊಂಡಿದ್ದೆ," ಎಂದಳು ಅವಳು.

"ನಾನು ನೀನು ಮಾರಿದ್ದನ್ನ ನೋಡಿ ಕಳಿಸ್ತಿದ್ದೆ."

ಇಷ್ಟು ದಿನ ಅಣ್ಣ ತಂಗಿ ಮಾರಿದ್ದನ್ನೂ ತಂಗಿ ಅಣ್ಣ ಕಳಿಸಿದ್ದನ್ನೂ ನೋಡಿಕೊಂಡೇ ಒಟ್ಟಿಗೆ ಕೆಳಗಿಳಿಯುತ್ತ ಬಂದಿದ್ದರು, ಗಿರಾಕಿಯನ್ನು ಇಬ್ಬರೂ ಕೇಳಿರಲಿಲ್ಲ. ಬನ್ನು ಸಿಗದೆ ಹಿಂದಿರುಗಿದವರಿಗೆ ಬಿಲ್ಲಾಗುವುದಿಲ್ಲ. ಬಿಲ್ಲಿಲ್ಲದವರು ನನ್ನ ಗೆರೆಗೂ ಕಾಣುವುದಿಲ್ಲ.

ಹಾಗೆಂದು ಅಂಗಡಿ ಉಳಿಯಿತು ಎಂದು ನಾನು ಆವತ್ತು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಎಷ್ಟು ಜನ ವಾಪಸು ಹೋಗಿದ್ದಾರೆ ಎನ್ನುವುದು ಯಾರಿಗೂ ಗೊತ್ತಿಲ್ಲ. ಬಹಳ ಜನ ಇರಬಹುದು, ಇಬ್ಬರು ಮೂವರೂ ಇರಬಹುದು. ಕಾರ್ಖಾನೆ ನಿಂತು ಅದರ ಕ್ವಾರ್ಟರ್ಸುಗಳು ಖಾಲಿಯಾದದ್ದೂ ಸುಳ್ಳಲ್ಲ. ಭದ್ರಾವತಿಯ ಮುನ್ಸೂಚನೆಯನ್ನು ಪುಟದಿಂದ ತೆಗೆದುಹಾಕಿ, ಆ ಜಾಗದಲ್ಲಿ 'ಇನ್ನೂ ಗೊತ್ತಿಲ್ಲ' ಎಂದು ಬರೆದೆ. ಬನ್ನು ಉಳಿಯುವವರೆಗೆ ವಾರವಾರವೂ ಹೆಚ್ಚು ಕಳಿಸಿ, ಎಲ್ಲಿ ಉಳಿಯುತ್ತದೋ ಅಲ್ಲಿಂದ ಲೆಕ್ಕ ಹಿಡಿಯೋಣ ಎಂದೆ. ಉಳಿಯುವುದಕ್ಕೇ ಕಳಿಸುವುದಾ ಎಂದು ಇವರು ಗೊಣಗಿದರು. ಮಾರನೆಯ ದಿನ ವ್ಯಾನಿಗೆ ಒಂದು ಟ್ರೇ ಹೆಚ್ಚಿಗೆ ಹತ್ತಿಸಿದ್ದೂ ಅವರೇ.

ಮೊದಲ ವಾರ ಅದೂ ಖಾಲಿಯಾಯಿತು. ಇನ್ನೊಂದು ಟ್ರೇ ಸೇರಿಸಿದರು, ಕೊನೆಯ ಬಿಲ್ಲು ಸಂಜೆಯ ಕಡೆಗೆ ಸರಿಯಿತು. ಮತ್ತೊಂದು ಸೇರಿಸಿದರು. ನಾನು ದಿನಾ ಪುಟ ತೆರೆದು, ಆ ಎರಡು ಗೆರೆಗಳು ಯಾವಾಗ ಬಿಡಿಸಿಕೊಳ್ಳುತ್ತವೋ ಎಂದು ಕಾಯುತ್ತಿದ್ದೆ.

ಒಂದು ಸಂಜೆ ನಾದಿನಿಯ ಫೋನು ಬಂತು. ಅವಳ ದನಿ ಸಣ್ಣಗಾಗಿತ್ತು. ಹೇಳೋಕೆ ಸಂಕೋಚ ಅತ್ತಿಗೆ, ಇವತ್ತು ಬನ್ನು ಉಳಿದುಬಿಟ್ಟಿವೆ, ಅಣ್ಣನಿಗೆ ನೀವೇ ಮೆಲ್ಲಗೆ ಹೇಳಿ ಎಂದಳು. ಗೆರೆಗಳು ಕೊನೆಗೂ ಬಿಡಿಸಿಕೊಂಡವೆಂದು ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಉಳಿದ ಬನ್ನಿಗೆ ಯಾರಾದರೂ ಹೀಗೆ ಕುಣಿಯುತ್ತಾರಾ ಎಂದು ನನಗೇ ನಗು ಬಂತು. ನಗು ಕೇಳಿ ಇವರು ಒಳಗಿನಿಂದ ಬಂದರು. ವಿಷಯ ಹೇಳಿದೆ.

ಫೋನು ಕೊಡು ಎಂದು ಕೈ ಚಾಚಿದರು. ಬೈಯುತ್ತಾರೇನೋ ಎಂದು ಹೆದರಿಕೊಂಡೇ ಕೊಟ್ಟೆ.

"ಉಳಿದ್ರೆ ಉಳೀಲಿ ಬಿಡು," ಎಂದರು ಅವರು. "ನಾಳೆನೂ ಇಷ್ಟೇ ಕಳಿಸ್ತೀನಿ. ಶಟರ್ ಪೂರ್ತಿ ಎತ್ತಿಟ್ಟಿರು."